ತೇಲಿಬಿಟ್ಟ ಮಗು, ಕರ್ಣ ಮತ್ತು ಸಾರ್ಗೋನ್: ಒಂದೇ ಕಥೆಯಾ?

ಉಡುಪಿ_ಕೇಳುಗ

ಮೊನ್ನೆ ನಮ್ಮ ಊರಿನ ದೇವಸ್ಥಾನದಲ್ಲಿ ‘ಕರ್ಣಭೇದನ’ ತಾಳಮದ್ದಳೆ ಇತ್ತು. ಕರ್ಣನ ಅರ್ಥ ಹೇಳಿದವರು ತುಂಬ ಚೆನ್ನಾಗಿ ಮಾತಾಡಿದರು. ಅದು ಮುಗಿದ ಮೇಲೆ ಚಾ ಕುಡಿಯುವಾಗ ಒಬ್ಬರು ಹೇಳಿದರು, ಇದು ನಮ್ಮ ಕಥೆಯೇ ಅಲ್ಲ, ಇರಾಕಿನ ಕಡೆಯ ಸಾರ್ಗೋನ್ ಎಂಬ ರಾಜನ ಕಥೆ, ಅಲ್ಲಿಂದ ಬೈಬಲಿನ ಮೋಸೆಗೆ ಹೋಯಿತು, ರೋಮಿಗೆ ಹೋಯಿತು, ಇಲ್ಲಿಗೂ ಬಂತು ಅಂತ. ಮಗುವನ್ನು ಬುಟ್ಟಿಯಲ್ಲಿಟ್ಟು ನೀರಿಗೆ ಬಿಡುವುದು, ಯಾರೋ ಬಡವರು ಎತ್ತಿ ಸಾಕುವುದು, ಅವನು ದೊಡ್ಡ ವೀರ ಆಗುವುದು. ಕೇಳಿದರೆ ಒಂದೇ ಅಚ್ಚು ಅಂತ ಅನಿಸುತ್ತದೆ. ಇದನ್ನು ಓದಿಕೊಂಡವರು ಇಲ್ಲಿ ಇದ್ದೀರಿ ಅಂತ ಗೊತ್ತು. ನಿಜವಾಗಿ ಕದ್ದ ಕಥೆಯಾ, ಅಥವಾ ಸುಮ್ನೆ ಹೋಲಿಕೆಯಾ?

ಬಿಜೈ_ವಾಚಕ

ಅವರು ಹೇಳಿದ್ದು ಸರಿ. ಸಾರ್ಗೋನ್ ಕ್ರಿ.ಪೂ. 2300ರ ಸುಮಾರಿನವನು. ಅಕ್ಕಾಡ್ ಎಂಬ ಸಾಮ್ರಾಜ್ಯ ಕಟ್ಟಿದವನು. ಮಹಾಭಾರತ ಬರೆದದ್ದು ಅದಕ್ಕಿಂತ ಎಷ್ಟೋ ತಡ, ಮೋಸೆಯ ಕಥೆಯೂ ತಡ. ಹಳೆಯದು ಯಾವುದೋ ಅದೇ ಮೂಲ, ಬೇರೆಯವರು ಅದನ್ನು ನೋಡಿ ಬರೆದರು. ವ್ಯಾಪಾರದ ಹಡಗು ಇಲ್ಲಿಂದ ಅಲ್ಲಿಗೆ ಆಗಲೇ ಓಡಾಡುತ್ತಿತ್ತು. ಕಥೆಯೂ ಅದರಲ್ಲೇ ಬಂದಿರಬೇಕು. ಇದರಲ್ಲಿ ಜಾಸ್ತಿ ಚರ್ಚೆ ಮಾಡಲಿಕ್ಕೆ ಏನೂ ಇಲ್ಲ.

ಮೇಷ್ಟ್ರು_ಕಾರ್ಕಳ

ಚರ್ಚೆಗೆ ತುಂಬ ಉಂಟು ಮಾರಾಯ್ರೆ. ರಾಜ ಎಷ್ಟು ಹಳಬ ಎಂಬುದು ಬೇರೆ, ಅವನ ಬಗ್ಗೆ ಕಥೆ ಎಷ್ಟು ಹಳೆಯದು ಎಂಬುದು ಬೇರೆ.

ಸಾರ್ಗೋನನ ಕಥೆ ನಮಗೆ ಸಿಕ್ಕಿದ್ದು ಮಣ್ಣಿನ ಹಲಗೆಗಳಲ್ಲಿ. ಅದರ ಮುಖ್ಯ ಪ್ರತಿಗಳು ಸಿಕ್ಕಿದ್ದು ಇಂದಿನ ಇರಾಕಿನಲ್ಲಿರುವ ನಿನೆವೆ ಎಂಬ ಹಳೆಯ ಪಟ್ಟಣದಲ್ಲಿ, ಕ್ರಿ.ಪೂ. 7ನೇ ಶತಮಾನದವು. ಅಂದರೆ ಅವನು ಸತ್ತು ಸಾವಿರದ ಐನೂರಕ್ಕೂ ಹೆಚ್ಚು ವರ್ಷ ಆದ ಮೇಲಿನವು. ಅದರಲ್ಲಿ ಅವನೇ ಮಾತಾಡುತ್ತಾನೆ. ನನ್ನ ತಾಯಿ ದೇವಸ್ಥಾನದ ದೊಡ್ಡ ಪೂಜಾರಿಣಿ, ತಂದೆ ಯಾರೋ ಗೊತ್ತಿಲ್ಲ, ಗುಟ್ಟಾಗಿ ಹೆತ್ತಳು, ಜೊಂಡಿನ ಬುಟ್ಟಿಯಲ್ಲಿಟ್ಟು ಮುಚ್ಚಳಕ್ಕೆ ಡಾಂಬರು ಮೆತ್ತಿ ಹೊಳೆಗೆ ಬಿಟ್ಟಳು, ನೀರು ಎತ್ತುವ ಕೆಲಸದ ಅಕ್ಕಿ ಎಂಬವನು ನನ್ನನ್ನು ಮೇಲೆತ್ತಿ ಮಗನ ಹಾಗೆ ಸಾಕಿದ, ತೋಟದ ಕೆಲಸಕ್ಕೆ ಹಾಕಿದ, ಇಷ್ಟಾರ್ ದೇವಿ ನನ್ನನ್ನು ಮೆಚ್ಚಿದಳು, ರಾಜನಾದೆ. ಇಷ್ಟೇ. ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ.

ಈಗ ಇದಕ್ಕಿಂತ ಹಳೆಯ ಸುಮೇರಿಯನ್ ಕಥೆಯೂ ಒಂದು ಉಂಟು. ಅದರಲ್ಲಿ ಅವನಿಗೆ ತಂದೆಯ ಹೆಸರೇ ಇದೆ, ಲಾಇಬುಮ್ ಅಂತ. ಸಾರ್ಗೋನ್ ಕಿಶ್ ನಗರದ ರಾಜನ ಬಳಿ ಪಾನಪಾತ್ರೆ ಹಿಡಿಯುವ ಕೆಲಸದಲ್ಲಿದ್ದ. ಸಿಕ್ಕಿದ ತುಂಡುಗಳಲ್ಲಿ ಬುಟ್ಟಿಯೂ ಇಲ್ಲ, ಮಗುವನ್ನು ಹೊಳೆಗೆ ಬಿಟ್ಟದ್ದೂ ಇಲ್ಲ. ಅಂದರೆ ಬುಟ್ಟಿ ನಂತರ ಸೇರಿದ್ದು ಎಂದು ಅನುಮಾನ ಪಡಲಿಕ್ಕೆ ಕಾರಣ ಉಂಟು.

ಯಾಕೆ ಸೇರಿತು ಎಂಬುದಕ್ಕೆ ಹಲವು ವಿದ್ವಾಂಸರು ಒಂದು ಊಹೆ ಮಾಡುತ್ತಾರೆ. ಕ್ರಿ.ಪೂ. 721ರಿಂದ 705ರವರೆಗೆ ಅಸ್ಸೀರಿಯ ಆಳಿದ ರಾಜನ ಹೆಸರೂ ಸಾರ್ಗೋನ್. ಅವನು ಗದ್ದುಗೆ ಹತ್ತಿದ ರೀತಿ ನೇರವಾಗಿರಲಿಲ್ಲ ಎಂಬ ಅನುಮಾನ ಉಂಟು. ಅಂಥವನಿಗೆ ಹಳೆಯ ಸಾರ್ಗೋನನ ಕಥೆ ತುಂಬ ಉಪಯೋಗ. ತಂದೆ ಯಾರು ಅಂತ ಕೇಳಬೇಡಿ, ದೇವಿಯೇ ಆರಿಸಿದಳು. ನಾನು ಇದನ್ನು ಒಪ್ಪುತ್ತೇನೆ, ಆದರೆ ಇದು ಊಹೆಯೇ.

ಬಿಜೈ_ವಾಚಕ

ಸರಿ, ಬರಹ ತಡ ಇರಬಹುದು. ಬಾಯಿಮಾತಿನಲ್ಲಿ ಮೊದಲೇ ಇದ್ದಿರಬಹುದಲ್ಲ? ಪಾಡ್ದನಗಳನ್ನು ಯಾರು ಬರೆದಿಟ್ಟಿದ್ದರು? ಬರೆದದ್ದು ತಡ ಅಂತ ಕಥೆ ತಡ ಆಗುವುದಿಲ್ಲ.

ಮೇಷ್ಟ್ರು_ಕಾರ್ಕಳ

ಖಂಡಿತ ಇದ್ದಿರಬಹುದು. ಅದೇ ಮಾತು ಕರ್ಣನ ಕಥೆಗೂ ಅನ್ವಯಿಸುತ್ತದೆ ಅಲ್ವಾ? ಆಗ ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ.

ಇನ್ನೊಂದು ಹೇಳುತ್ತೇನೆ. ಈಗ ಕೈಯಲ್ಲಿರುವ ಬರಹಗಳಲ್ಲಿ ಸಾರ್ಗೋನನ ಬುಟ್ಟಿಗಿಂತ ಹಳೆಯ ಬುಟ್ಟಿ ಒಂದು ಉಂಟು. ಇಂದಿನ ಟರ್ಕಿಯಲ್ಲಿದ್ದ ಹಿಟ್ಟೈಟರ ಕಥೆ. ಕಾನೆಶ್‌ನ ರಾಣಿ ಒಂದೇ ವರ್ಷದಲ್ಲಿ ಮೂವತ್ತು ಗಂಡುಮಕ್ಕಳನ್ನು ಹೆರುತ್ತಾಳೆ. ಇದೆಂತ ವಿಚಿತ್ರ ಅಂತ ಹೆದರಿ ಎಲ್ಲರನ್ನೂ ಬುಟ್ಟಿಗಳಲ್ಲಿಟ್ಟು ಹೊಳೆಗೆ ಬಿಡುತ್ತಾಳೆ. ಹೊಳೆ ಅವರನ್ನು ಸಮುದ್ರದ ಬದಿಯ ಜಾಲ್ಪ ಎಂಬಲ್ಲಿಗೆ ಒಯ್ಯುತ್ತದೆ, ದೇವತೆಗಳು ಎತ್ತಿ ಸಾಕುತ್ತಾರೆ. ಮುಂದೆ ಅವಳಿಗೆ ಮೂವತ್ತು ಹೆಣ್ಣುಮಕ್ಕಳು ಹುಟ್ಟುತ್ತಾರೆ, ಅವರನ್ನು ತಾನೇ ಸಾಕುತ್ತಾಳೆ. ದೊಡ್ಡವರಾದ ಹುಡುಗರು ತಾಯಿಯನ್ನು ಹುಡುಕಿಕೊಂಡು ಬರುತ್ತಾರೆ, ಅವಳಿಗೆ ಗುರುತು ಸಿಗುವುದಿಲ್ಲ, ತನ್ನ ಹೆಣ್ಣುಮಕ್ಕಳನ್ನೇ ಅವರಿಗೆ ಕೊಡಲು ಹೊರಡುತ್ತಾಳೆ. ಅಲ್ಲಿ ರಾಜ್ಯ ಕಟ್ಟುವ ವೀರನೇ ಮುಖ್ಯ ಅಲ್ಲ. ಗುರುತು ತಪ್ಪಿದರೆ ಎಂಥ ಅನಾಹುತ ಆಗಬಹುದು ಎಂಬುದೇ ಕಥೆ.

ಮಲ್ಪೆ_ದೋಣಿ

ನನಗೆ ಇತಿಹಾಸ ಅಷ್ಟು ಗೊತ್ತಿಲ್ಲ. ನೀರಿನ ಲೆಕ್ಕ ಸ್ವಲ್ಪ ಗೊತ್ತು. ಎಲ್ಲ ಕಥೆಯಲ್ಲೂ ಬುಟ್ಟಿಗೆ ಏನಾದರೂ ಮೆತ್ತುತ್ತಾರೆ ಅಲ್ವಾ, ಅದು ನನಗೆ ಇಷ್ಟ ಆಯಿತು. ಮರದ ದೋಣಿಗೆ ಎಣ್ಣೆ ಹಚ್ಚದೆ, ಸಂದಿಗೆ ತುಂಬದೆ ನೀರಿಗೆ ಇಳಿಸುವವರು ಇಲ್ಲ. ಕಥೆ ಕಟ್ಟಿದವರಿಗೆ ಅದು ಗೊತ್ತಿತ್ತು. ಕರ್ಣನ ಪೆಟ್ಟಿಗೆಗೆ ಏನು ಹಚ್ಚಿದ್ದರು? ಅದು ಎಲ್ಲಿಂದ ಎಲ್ಲಿಗೆ ತೇಲಿತು? ಹೆತ್ತ ದಿನದ ಮಗು ಎಷ್ಟು ಹೊತ್ತು ಬದುಕೀತು?

ಮೇಷ್ಟ್ರು_ಕಾರ್ಕಳ

ಒಳ್ಳೆ ಪ್ರಶ್ನೆ ಅಣ್ಣ. ವನಪರ್ವದಲ್ಲಿ ಕುಂಡಲಾಹರಣ ಎಂಬ ಭಾಗದಲ್ಲಿ ಇದೆಲ್ಲ ವಿವರವಾಗಿ ಉಂಟು. ಪೆಟ್ಟಿಗೆಗೆ ಜೇನುಮೇಣ. ಮೆಸಪೊಟೇಮಿಯದಲ್ಲಿ ಡಾಂಬರು ನೆಲದಿಂದಲೇ ಉಕ್ಕುತ್ತದೆ, ಅಲ್ಲಿಯ ದುಂಡು ದೋಣಿಗಳಿಗೂ ಅದನ್ನೇ ಬಳಿಯುತ್ತಿದ್ದರು. ಇಲ್ಲಿಯವರು ಮೇಣ ಹೇಳಿದರು. ಆಯಾ ಊರಿನಲ್ಲಿ ಕೈಗೆ ಸಿಗುವುದನ್ನೇ ಕಥೆ ಬಳಸಿದೆ.

ದಾರಿಯನ್ನೂ ಹೇಳಿದ್ದಾರೆ. ಮೊದಲು ಅಶ್ವನದಿ, ಅಲ್ಲಿಂದ ಚರ್ಮಣ್ವತಿ, ಅಂದರೆ ಈಗಿನ ಚಂಬಲ್, ಅಲ್ಲಿಂದ ಯಮುನೆ, ಯಮುನೆಯಿಂದ ಗಂಗೆ, ಗಂಗೆಯಲ್ಲಿ ಚಂಪಾ ಪಟ್ಟಣದವರೆಗೆ. ಚಂಪಾ ಈಗಿನ ಬಿಹಾರದ ಭಾಗಲ್ಪುರದ ಹತ್ತಿರ. ನಕ್ಷೆಯಲ್ಲಿ ನದಿಯ ತಿರುವುಗಳ ಜೊತೆ ಅಳೆದರೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ.

ಮಲ್ಪೆ_ದೋಣಿ

ಹಾಗಾದರೆ ಆಗದ ಮಾತು. ಹೊಳೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಎಳೆದರೂ, ಎಲ್ಲೂ ದಡಕ್ಕೆ ಸಿಕ್ಕಿಕೊಳ್ಳದೆ ಹಗಲು ರಾತ್ರಿ ಹೋದರೂ, ಹತ್ತು ದಿನಕ್ಕಿಂತ ಹೆಚ್ಚು ಬೇಕು. ಹಾಲಿಲ್ಲದೆ ಮಗು ಎರಡು ಮೂರು ದಿನ ಉಳಿಯುವುದೂ ಕಷ್ಟ. ಮುಚ್ಚಳಕ್ಕೂ ಮೇಣ ಮೆತ್ತಿದರೆ ಉಸಿರಿಗೆ ಗಾಳಿ?

ಮೇಷ್ಟ್ರು_ಕಾರ್ಕಳ

ಕಥೆ ಹೇಳಿದವರಿಗೂ ಇದು ಹೊಳೆದಿತ್ತು. ಅದಕ್ಕೇ ಅಲ್ಲೇ ಒಂದು ಮಾತು ಸೇರಿಸಿದ್ದಾರೆ: ಅಮೃತದಿಂದ ಹುಟ್ಟಿದ ಕವಚ ಕುಂಡಲಗಳೇ ಮಗುವಿನ ಜೀವ ಹಿಡಿದಿಟ್ಟವು ಅಂತ. ನಾವು ಕವಚ ಎಂದರೆ ಯುದ್ಧದಲ್ಲಿ ಬಾಣ ತಡೆಯಲಿಕ್ಕೆ ಅಂತ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಅದರ ಮೊದಲ ಕೆಲಸ ನಡೆದದ್ದು ಪೆಟ್ಟಿಗೆಯ ಒಳಗೆ. ಮುಂದೆ ಇಂದ್ರ ಅದನ್ನು ಕೇಳಿ ಪಡೆಯುವ ಕಥೆ ಬರುವುದೂ ಇದೇ ಭಾಗದಲ್ಲಿ. ಹೊಳೆಯಲ್ಲಿ ಕಾಪಾಡಿದ್ದನ್ನು ಕರ್ಣ ತನ್ನ ಕೈಯಾರೆ ಕತ್ತರಿಸಿ ಕೊಡುತ್ತಾನೆ. ಎರಡನ್ನೂ ಒಟ್ಟಿಗೆ ಓದಿದರೆ ಮೈ ಜುಮ್ ಅನ್ನುತ್ತದೆ.

ನಮ್ಮ ಪಂಪ ಈ ಉದ್ದ ದಾರಿಯನ್ನೆಲ್ಲ ಬಿಟ್ಟ. ಅವನ ಕಾವ್ಯ ಕ್ರಿ.ಶ. 941ರ ಸುಮಾರಿನದು. ಅವನಲ್ಲಿ ಕುಂತಿ ಮಗುವನ್ನು ನೇರ ಗಂಗೆಗೆ ಬಿಡುತ್ತಾಳೆ, ಗಂಗೆ ಅದನ್ನು ಮುಳುಗಲು ಬಿಡದೆ ತನ್ನ ತೆರೆಗಳನ್ನೇ ತೋಳು ಮಾಡಿಕೊಂಡು ಅಪ್ಪಿಕೊಂಡು ಒಯ್ಯುತ್ತಾಳೆ. ಪೆಟ್ಟಿಗೆಯ ಕೆಲಸವನ್ನು ಹೊಳೆಯೇ ಮಾಡಿತು.

ಕಟಪಾಡಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದು ಕಡಿಮೆ. ನಾವು ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡಿದ್ದೇವೆ, ಕಾನೂನು ಪ್ರಕಾರವೇ. ಈಗ ಅವಳು ಶಾಲೆಗೆ ಹೋಗುತ್ತಾಳೆ. ಮನೆಯ ಒಂದು ಕಾರ್ಯಕ್ರಮದಲ್ಲಿ ಸಂಬಂಧಿಕರೊಬ್ಬರು ಅವಳ ಎದುರೇ “ಎಷ್ಟಾದರೂ ರಕ್ತ ಎಳೆಯುತ್ತದೆ, ಕರ್ಣನ ಕಥೆ ಗೊತ್ತಲ್ಲ” ಅಂದುಬಿಟ್ಟರು. ಅವಳು ರಾತ್ರಿ ಕರ್ಣ ಯಾರಮ್ಮ ಅಂತ ಕೇಳಿದಳು. ನಾನು ಏನು ಹೇಳಲಿ? ಈ ಕಥೆಗಳಲ್ಲೆಲ್ಲ ಕೊನೆಗೆ ಮಗು ಹೆತ್ತವರ ಹತ್ತಿರವೇ ಹೋಗುತ್ತದಾ? ಸಾಕಿದವರು ಬರೀ ದಾರಿಯಲ್ಲಿ ಸಿಕ್ಕ ಛತ್ರವಾ?

ಬಿಜೈ_ವಾಚಕ

ಅಕ್ಕ, ಇಲ್ಲಿ ನಾವು ಮಾತಾಡುತ್ತಿರುವುದು ಪುರಾಣದ ಬಗ್ಗೆ. ಹೆಚ್ಚಿನ ಕಥೆಗಳಲ್ಲಿ ಹೌದು, ಹಿಂದಿರುಗುತ್ತಾನೆ. 1909ರಲ್ಲಿ ಆಟೊ ರ‍್ಯಾಂಕ್ ಎಂಬ ಮನಶ್ಶಾಸ್ತ್ರಜ್ಞ ಇಂಥ ಹಲವು ಕಥೆಗಳನ್ನು ಸಾಲಾಗಿಟ್ಟು ತೋರಿಸಿದ. ದೊಡ್ಡ ಮನೆಯಲ್ಲಿ ಹುಟ್ಟು, ನೀರಿಗೆ ಬಿಡುವುದು, ಬಡವರ ಅಥವಾ ಪ್ರಾಣಿಯ ಆಸರೆ, ಕೊನೆಗೆ ಹೆತ್ತವರನ್ನು ಕಂಡುಹಿಡಿದು ದೊಡ್ಡ ಸ್ಥಾನ. ಕರ್ಣನೂ ಅವನ ಪಟ್ಟಿಯಲ್ಲಿ ಇದ್ದಾನೆ. ಹಾಗಾಗಿ ಅಚ್ಚು ಒಂದೇ.

ಮೇಷ್ಟ್ರು_ಕಾರ್ಕಳ

ಕಟಪಾಡಿಯ ಅಕ್ಕ ಕೇಳಿದ್ದೇ ಈ ಚರ್ಚೆಯ ಸರಿಯಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ನಾವೆಲ್ಲ ಬುಟ್ಟಿಯನ್ನೇ ನೋಡುತ್ತಾ ಕೂತಿದ್ದೇವೆ. ಬುಟ್ಟಿ ಎಲ್ಲ ಕಡೆಯೂ ಉಂಟು. ಕಥೆಗಳು ಬೇರೆಯಾಗುವುದು ಮಗು ದೊಡ್ಡದಾಗಿ, ಹುಟ್ಟಿನ ಗುಟ್ಟು ಹೊರಗೆ ಬಂದಾಗ.

ರೋಮಿನ ಕಥೆಯ ರೋಮ್ಯುಲಸ್ ಮತ್ತು ರೀಮಸ್ ತೆಗೆದುಕೊಳ್ಳಿ. ಅಜ್ಜನ ತಮ್ಮ ಗದ್ದುಗೆ ಕಿತ್ತುಕೊಂಡು, ಅವಳಿ ಮಕ್ಕಳನ್ನು ಟೈಬರ್ ಹೊಳೆಗೆ ಹಾಕಿಸುತ್ತಾನೆ. ನೆರೆ ನೀರು ಇಳಿದು ಬುಟ್ಟಿ ದಡದಲ್ಲಿ ಉಳಿಯುತ್ತದೆ, ತೋಳ ಹಾಲು ಕುಡಿಸುತ್ತದೆ, ಕುರುಬ ಫಾಸ್ಟ್ಯುಲಸ್ ಸಾಕುತ್ತಾನೆ. ಗುರುತು ಸಿಕ್ಕ ಕೂಡಲೇ ಅವರು ಅಜ್ಜನಿಗೆ ಗದ್ದುಗೆ ಕೊಡಿಸುತ್ತಾರೆ. ಸಾಕಿದ ಕುರುಬ ಕಥೆಯಿಂದ ಬೇಗ ಮರೆಯಾಗುತ್ತಾನೆ. ಮೋಸೆಯದು ಉಲ್ಟಾ. ಅವನ ಬುಟ್ಟಿ ತೇಲಿಕೊಂಡು ದೂರ ಹೋಗುವುದೇ ಇಲ್ಲ. ಮೂರು ತಿಂಗಳು ಅಡಗಿಸಿಟ್ಟ ತಾಯಿ ಬುಟ್ಟಿಯನ್ನು ದಡದ ಜೊಂಡಿನ ನಡುವೆ ಇಡುತ್ತಾಳೆ, ಅಕ್ಕ ದೂರದಲ್ಲಿ ನಿಂತು ಕಾಯುತ್ತಾಳೆ, ರಾಜನ ಮಗಳು ಎತ್ತಿಕೊಂಡಾಗ ಹೆತ್ತ ತಾಯಿಯನ್ನೇ ಹಾಲು ಕೊಡಲು ಕರೆತರುತ್ತಾಳೆ. ಗುಲಾಮರ ಮಗು ಅರಮನೆಗೆ ಹೋಗುತ್ತದೆ, ಮುಂದೆ ಅರಮನೆಯನ್ನು ಬಿಟ್ಟು ಗುಲಾಮರ ಕಡೆಗೇ ಬರುತ್ತದೆ. ದಾರಿ ಬೇರೆಯಾದರೂ ಎರಡರಲ್ಲೂ ಮಗು ಹೆತ್ತವರ ಪಕ್ಷ ಸೇರುತ್ತದೆ.

ಕರ್ಣನಿಗೂ ಅದೇ ಬಾಗಿಲು ತೆರೆಯುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣ ಅವನನ್ನು ರಥದಲ್ಲಿ ಕೂರಿಸಿಕೊಂಡು ಹೋಗಿ ಹೇಳುತ್ತಾನೆ. ಮದುವೆಗೆ ಮುಂಚೆ ಹುಟ್ಟಿದ ಮಗನೂ ಶಾಸ್ತ್ರದ ಪ್ರಕಾರ ತಾಯಿಯ ಗಂಡನಿಗೇ ಸೇರಿದವನು, ಆದ್ದರಿಂದ ನೀನು ಪಾಂಡುವಿನ ಹಿರಿಯ ಮಗ, ರಾಜ್ಯ ನಿನ್ನದು, ಐವರೂ ನಿನ್ನ ಕಾಲು ಹಿಡಿಯುತ್ತಾರೆ ಅಂತ. ಕಾನೂನಿನ ಮಾತು ಅದು, ಬಲವಾದ ಮಾತು. ಕರ್ಣ ಬೆರಗಾಗುವುದಿಲ್ಲ. ಗೊತ್ತು ಅನ್ನುತ್ತಾನೆ. ಆಮೇಲೆ ಅವನು ಏನು ಹೇಳುತ್ತಾನೆ ಗೊತ್ತುಂಟಾ ಅಕ್ಕ? ಕುಂತಿ ನನ್ನ ಒಳಿತು ನೋಡದೆ ಬಿಟ್ಟಳು. ಅಧಿರಥ ನನ್ನನ್ನು ಕಂಡು ಮನೆಗೆ ತಂದ. ನನ್ನ ಮೇಲಿನ ಪ್ರೀತಿಗೆ ರಾಧೆಗೆ ಕೂಡಲೇ ಎದೆಹಾಲು ಬಂತು. ಅವಳು ನನ್ನ ಮಲಮೂತ್ರ ತೆಗೆದಳು. ನನ್ನಂಥವನು ಅವಳಿಗೆ ಪಿಂಡ ಇಡದೆ ಇರುವುದು ಹೇಗೆ? ಜಾತಕರ್ಮ ಮಾಡಿಸಿದವನು ಅಧಿರಥ, ಹೆಸರಿಡಿಸಿದವನು ಅವನು, ಮದುವೆ ಮಾಡಿಸಿದವನು ಅವನು. ನನ್ನ ಹೆಂಡಿರು, ಮಕ್ಕಳು, ಮೊಮ್ಮಕ್ಕಳು ಎಲ್ಲ ಅಲ್ಲೇ. ಇಡೀ ಭೂಮಿ ಕೊಟ್ಟರೂ, ಚಿನ್ನದ ರಾಶಿ ಕೊಟ್ಟರೂ, ಸಂತೋಷಕ್ಕೂ ಭಯಕ್ಕೂ ಇದನ್ನು ಸುಳ್ಳು ಮಾಡಲಾರೆ.

ದುರ್ಯೋಧನನ ಋಣದ ಮಾತು ಅದರ ನಂತರ ಬರುತ್ತದೆ. ನಾವು ಅದನ್ನೇ ಮೊದಲು ಹೇಳುತ್ತೇವೆ. ಮೂಲದಲ್ಲಿ ಮೊದಲು ರಾಧೆ.

ಹಾಗಾಗಿ ರ‍್ಯಾಂಕ್‌ನ ಅಚ್ಚು ಇಲ್ಲಿ ಒಡೆಯುತ್ತದೆ. ನಿಮ್ಮ ಸಂಬಂಧಿಕರು ಹೇಳಿದ್ದಕ್ಕೆ ಕರ್ಣನ ಕಥೆ ಸಾಕ್ಷಿ ಅಲ್ಲ, ಸರಿಯಾಗಿ ಅದರ ವಿರುದ್ಧ ಸಾಕ್ಷಿ.

ಕಟಪಾಡಿ_ಅಮ್ಮ

ಮೇಷ್ಟ್ರೆ, ಮಲಮೂತ್ರದ ಮಾತು ನಿಜವಾಗಿಯೂ ಮಹಾಭಾರತದಲ್ಲಿ ಉಂಟಾ? ಎಷ್ಟು ತಾಳಮದ್ದಳೆ ಕೇಳಿದ್ದೇನೆ, ಇದನ್ನು ಕೇಳಿದ ನೆನಪಿಲ್ಲ. ಇದನ್ನು ಅವಳಿಗೆ ಹೇಳುತ್ತೇನೆ.

ಮೇಷ್ಟ್ರು_ಕಾರ್ಕಳ

ಉಂಟು ಅಕ್ಕ, ಅದೇ ಮಾತಿನಲ್ಲಿ ಉಂಟು.

ಕಲ್ಲಡ್ಕ_ರಂಗ

ನಾನು ಸ್ವಲ್ಪ ಅರ್ಥ ಹೇಳುವವನು. ಕುಂತಿಯ ಪರವಾಗಿ ಒಂದು ಮಾತು. ಎಲ್ಲರೂ ಅವಳು ಬಿಟ್ಟು ಮರೆತಳು, ಮತ್ತೆ ಅಸ್ತ್ರಪರೀಕ್ಷೆಯ ದಿನ ಕವಚ ನೋಡಿ ಬೆಚ್ಚಿಬಿದ್ದಳು ಅಂತ ಚಿತ್ರಿಸುತ್ತೇವೆ. ನೀರಿಗೆ ಬಿಡುವಾಗ ಅವಳು ಎಷ್ಟು ಅಳುತ್ತಾಳೆ, ನೆಲದಲ್ಲಿ ನೀರಿನಲ್ಲಿ ಆಕಾಶದಲ್ಲಿ ಇರುವ ಎಲ್ಲರೂ ನಿನ್ನನ್ನು ಕಾಯಲಿ ಅಂತ ಬೇಡುತ್ತಾಳೆ. ನಿನ್ನನ್ನು ಮಗನಾಗಿ ಎತ್ತಿಕೊಳ್ಳುವ ಹೆಂಗಸೇ ಭಾಗ್ಯವಂತೆ ಅನ್ನುತ್ತಾಳೆ. ಅದನ್ನು ಸುಮ್ನೆ “ಬಿಟ್ಟಳು” ಅಂದರೆ ಅನ್ಯಾಯ.

ಮೇಷ್ಟ್ರು_ಕಾರ್ಕಳ

ಸರಿ ಹೇಳಿದಿರಿ. ಇನ್ನೂ ಒಂದು ಉಂಟು ಅದೇ ಜಾಗದಲ್ಲಿ. ಮಗು ಅಂಗದೇಶದಲ್ಲಿ ಬೆಳೆಯುತ್ತಿದೆ ಎಂದು ಕುಂತಿಗೆ ಗೂಢಚಾರನ ಮೂಲಕ ತಿಳಿದಿತ್ತು ಅಂತ ಹೇಳಿದ್ದಾರೆ. ಮೋಸೆಯ ಅಕ್ಕ ದಡದಲ್ಲಿ ನಿಂತು ನೋಡಿದ ಹಾಗೆಯೇ ಇವಳೂ ದೂರದಿಂದ ನೋಡುತ್ತಲೇ ಇದ್ದಳು. ಅಸ್ತ್ರಪರೀಕ್ಷೆಯಲ್ಲಿ ಅವಳು ಪ್ರಜ್ಞೆ ತಪ್ಪಿದ್ದು ಹೊಸ ಸುದ್ದಿ ಕೇಳಿ ಅಲ್ಲ ಅಂತ ನನ್ನ ಓದು. ಇಬ್ಬರು ಮಕ್ಕಳು ಎದುರುಬದುರು ನಿಂತದ್ದನ್ನು ನೋಡಿ. ಅರ್ಥ ಹೇಳುವವರಿಗೆ ಇದರಿಂದ ಬೇರೆ ದಾರಿ ಸಿಗುತ್ತದೆ.

ಕಲ್ಲಡ್ಕ_ರಂಗ

ಗೊತ್ತಿದ್ದೂ ಸುಮ್ಮನಿದ್ದಳು ಅಂದರೆ ಅವಳ ತಪ್ಪು ಹೆಚ್ಚಾಗುವುದಿಲ್ವಾ? ನಾನು ಒಪ್ಪಲಾರೆ. ರಂಗದಲ್ಲಿ ಆ ಬೆಚ್ಚಿಬೀಳುವುದೇ ಬೇಕು.

ಪಡುಮಲೆ_ಮೊಮ್ಮಗ

ನಮ್ಮ ತುಳುನಾಡಿನ ಕಥೆ ಯಾರೂ ಎತ್ತಲಿಲ್ಲ. ಕೋಟಿ ಚೆನ್ನಯರ ತಾಯಿ ದೇಯಿ ಬೈದೆದಿಯೇ ಹಾಗೆ ಬಿಟ್ಟ ಹುಡುಗಿ. ಮದುವೆಗೆ ಮುಂಚೆ ಮೈನೆರೆದಳು ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟರು, ಸಾಯನ ಬೈದ್ಯರು ಕಂಡು ಮನೆಗೆ ಕರೆತಂದರು. ಅವಳು ಪೆರುಮಳ ಬಲ್ಲಾಳರ ಕಾಲಿನ ಗಾಯಕ್ಕೆ ಮದ್ದು ಮಾಡಿದಳು, ಅವಳಿಗಳನ್ನು ಹೆತ್ತು ತೀರಿಕೊಂಡಳು. ಆ ಮಕ್ಕಳನ್ನೂ ಸಾಯನ ಬೈದ್ಯರೇ ಸಾಕಿದರು. ಕೊರಗಜ್ಜನೂ ಹಾಗೆಯೇ. ಅನಾಥ ಹುಡುಗ ತನಿಯನನ್ನು ಶೇಂದಿ ಮಾರುವ ಬೈದೆದಿ ಮನೆಗೆ ಕರೆದುಕೊಂಡು ಹೋಗಿ ಮಗನ ಹಾಗೆ ನೋಡಿಕೊಂಡಳು. ಇವೂ ಇದೇ ಅಚ್ಚಾ?

ಬಿಜೈ_ವಾಚಕ

ನೀರು ಇಲ್ಲ, ಬುಟ್ಟಿ ಇಲ್ಲ. ಲೆಕ್ಕಕ್ಕೆ ಬರುವುದಿಲ್ಲ. 1936ರಲ್ಲಿ ಲಾರ್ಡ್ ರಾಗ್ಲನ್ ವೀರರಿಗೆ 22 ಅಂಶಗಳ ಪಟ್ಟಿ ಮಾಡಿದ. ಅದರಲ್ಲಿ ತಾಯಿ ರಾಜಕುಮಾರಿ, ತಂದೆ ರಾಜ ಆಗಿರಬೇಕು.

ಮೇಷ್ಟ್ರು_ಕಾರ್ಕಳ

ಆ ಪಟ್ಟಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಅದರ ಅಂಶಗಳು ಎಷ್ಟು ಸಡಿಲ ಎಂದರೆ, ಮುಂದೆ ಅಟ್ಲಿ ಎಂಬ ಜಾನಪದ ವಿದ್ವಾಂಸ ಅದನ್ನು ಅಬ್ರಹಾಂ ಲಿಂಕನ್‌ಗೆ ಹಚ್ಚಿ, ಅವನೂ ಪೂರ್ತಿ ಹೊಂದುತ್ತಾನೆ ಎಂದು ತೋರಿಸಿದ. ಸಾಕ್ಷಾತ್ ಬದುಕಿದ್ದ ಮನುಷ್ಯ! ಎಣಿಸುವವನಿಗೆ ಬೇಕಾದಷ್ಟು ಅಂಕ ಬರುತ್ತದೆ.

ಮಗುವನ್ನು ಯಾಕೆ ಬಿಟ್ಟರು ಅಂತ ಕೇಳಿದರೆ ಹೆಚ್ಚು ಗೊತ್ತಾಗುತ್ತದೆ. ಕೆಲವು ಕಡೆ ರಾಜನಿಗೆ ಆ ಮಗುವಿನ ಭಯ. ರೋಮ್ಯುಲಸ್, ಪರ್ಶಿಯದ ಸೈರಸ್ ಇಂಥವರು. ಸೈರಸ್‌ನ ಅಜ್ಜನಿಗೆ ಕೆಟ್ಟ ಕನಸು ಬಿದ್ದು ಮಗುವನ್ನು ಕೊಲ್ಲಿಸಲು ಹೊರಟ. ಅಲ್ಲಿಯೂ ನೀರಿಲ್ಲ, ಬೆಟ್ಟ. ಆದರೂ ಆ ಕಥೆಯನ್ನು ಯಾರೂ ಪಟ್ಟಿಯಿಂದ ಹೊರಗೆ ಹಾಕುವುದಿಲ್ಲ. ಮೋಸೆಯಲ್ಲಿ ಎಲ್ಲ ಗಂಡುಮಕ್ಕಳನ್ನು ಕೊಲ್ಲುವ ಆಜ್ಞೆ. ಸಾರ್ಗೋನ್ ಮತ್ತು ಕರ್ಣನಲ್ಲಿ ಮಾತ್ರ ಕೊಲ್ಲಲು ಬಂದವರು ಯಾರೂ ಇಲ್ಲ. ಹೆರಬಾರದ ಹೆಂಗಸು ಹೆತ್ತಳು, ಲೋಕಕ್ಕೆ ತಿಳಿಯಬಾರದು, ಅಷ್ಟೇ. ದೇಯಿಯ ಕಥೆಯೂ ಈ ಗುಂಪಿನ ಹತ್ತಿರ ಬರುತ್ತದೆ. ಅಲ್ಲಿ ಹೆರುವುದೂ ಬೇಡ, ಮೈನೆರೆದದ್ದೇ ಅಪರಾಧ. ಹುಡುಗಿಯನ್ನೇ ಬಿಟ್ಟರು. ಕೊರಗಜ್ಜನದು ಬೇರೆ ಅಂತ ಅನಿಸುತ್ತದೆ. ಯಾರೂ ಅವನನ್ನು ಗುಟ್ಟಾಗಿ ಬಿಡಲಿಲ್ಲ, ಅವನಿಗೆ ಮುಚ್ಚಿಟ್ಟ ದೊಡ್ಡ ಮನೆತನವೂ ಇಲ್ಲ.

ಪಡುಮಲೆ_ಮೊಮ್ಮಗ

ಅದೇ ನನಗೆ ಬೇಕಾಗಿದ್ದು. ತನಿಯನಿಗೆ ಕೊನೆಯಲ್ಲಿ ರಾಜರಕ್ತ ಹಚ್ಚಲಿಲ್ಲ. ಅವನು ಅವನಾಗಿಯೇ ದೈವ ಆದ. ಸಾರ್ಗೋನನಿಗೂ ರೋಮ್ಯುಲಸ್‌ಗೂ ದೊಡ್ಡ ತಾಯಿ ಬೇಕಾಯಿತು.

ಉಡುಪಿ_ಕೇಳುಗ

ಹಾಗಾದರೆ ನನ್ನ ಪ್ರಶ್ನೆಗೆ? ಸಾರ್ಗೋನ್ ಮತ್ತು ಕರ್ಣ ಇಬ್ಬರಿಗೂ ತಾಯಿಯ ಗುಟ್ಟೇ ಕಾರಣ, ಇಬ್ಬರನ್ನೂ ಕೆಲಸಗಾರರೇ ಸಾಕಿದ್ದು. ಸಂಬಂಧ ಉಂಟು ಅಂತಲೇ ಆಯಿತಲ್ಲ?

ಮೇಷ್ಟ್ರು_ಕಾರ್ಕಳ

ಇರಬಹುದು. ಆದರೆ ಸಾಲ ಅಂತ ಹೇಳಬೇಕಾದರೆ ಅನಗತ್ಯವಾದ ಒಂದು ವಿವರವಾದರೂ ಎರಡೂ ಕಡೆ ಹೊಂದಬೇಕು. ಡಾಂಬರು, ಮೇಣ ಆ ಲೆಕ್ಕಕ್ಕೆ ಬರುವುದಿಲ್ಲ, ತೇಲಬೇಕಾದರೆ ಅದು ಬೇಕೇ ಬೇಕು. ನೀರಿನವ ಎತ್ತಿದ ಎಂಬುದೂ ಅಷ್ಟೇ, ಹೊಳೆಬದಿಯಲ್ಲಿ ಇರುವವನೇ ಎತ್ತಬೇಕು. ಅಂಥ ಹೆಚ್ಚಿನ ಹೋಲಿಕೆ ನನಗೆ ಕಾಣುವುದಿಲ್ಲ.

ಮತ್ತೆ, ಮಗುವನ್ನು ಬಿಡುವುದು ಬರೀ ಕಥೆಯಲ್ಲಿ ನಡೆದದ್ದಲ್ಲ. ಮೆಸಪೊಟೇಮಿಯದ ದತ್ತುಪತ್ರಗಳಲ್ಲಿ ‘ನಾಯಿಯ ಬಾಯಿಯಿಂದ ತಪ್ಪಿಸಿದ’ ಮಗು ಅಂತ ಬರೆಯುತ್ತಿದ್ದರು. ರೋಮಿನಲ್ಲಿ ಹುಟ್ಟಿದ ಮಕ್ಕಳನ್ನು ಬೀದಿಯಲ್ಲಿ ಬಿಡುವುದು ಸಾಮಾನ್ಯವಾಗಿತ್ತು. ಎತ್ತಿದವರು ಮಗನಾಗಿ ಸಾಕಿದ್ದೂ ಉಂಟು, ಗುಲಾಮರಾಗಿ ಸಾಕಿದ್ದೂ ಉಂಟು. ಎಲ್ಲಿ ಇದು ನಡೆಯುತ್ತದೋ ಅಲ್ಲೆಲ್ಲ ಬಿಟ್ಟ ತಾಯಿ ಆ ಮಗು ಎಲ್ಲೋ ಚೆನ್ನಾಗಿದೆ ಎಂಬ ಕಥೆಯನ್ನು ಬಯಸಿಯೇ ಬಯಸುತ್ತಾಳೆ. ಅದಕ್ಕೆ ಇರಾಕಿನಿಂದ ಹಡಗು ಬರಬೇಕಾಗಿಲ್ಲ.

ಬಿಜೈ_ವಾಚಕ

ನನಗೆ ಇನ್ನೂ ಅಷ್ಟು ಒಪ್ಪಿಗೆ ಇಲ್ಲ. ಹೊಳೆಗೆ ಬಿಡುವುದು, ಗುಟ್ಟಿನ ತಾಯಿ, ಕೆಲಸಗಾರ ಸಾಕುತಂದೆ, ಮುಂದೆ ರಾಜ್ಯ, ನಾಲ್ಕೂ ಒಟ್ಟಿಗೆ ಬರುವುದು ಕಾಕತಾಳೀಯ ಅಂತ ನಂಬುವುದು ಕಷ್ಟ.

ಮಲ್ಪೆ_ದೋಣಿ

ನನ್ನದೊಂದು. ಪೆಟ್ಟಿಗೆ ಕೊನೆಗೆ ನಿಂತ ಚಂಪಾ ಅಂಗದೇಶದಲ್ಲಿ ಅಂದಿರಿ. ಮುಂದೆ ದುರ್ಯೋಧನ ಅವನಿಗೆ ಕೊಟ್ಟದ್ದೂ ಅಂಗರಾಜ್ಯವೇ ಅಲ್ವಾ? ಹೊಳೆ ಅವನನ್ನು ಸರಿಯಾಗಿ ಅವನ ರಾಜ್ಯದ ದಡದಲ್ಲೇ ಇಳಿಸಿತು. ದಾರಿ ಅಷ್ಟು ಉದ್ದ ಮಾಡಿದ್ದು ಅದಕ್ಕೇ ಇರಬೇಕಾ ಮೇಷ್ಟ್ರೆ?

ಮೇಷ್ಟ್ರು_ಕಾರ್ಕಳ

ನನಗೂ ಹಾಗೆಯೇ ಅನಿಸುತ್ತದೆ ಅಣ್ಣ. ಅಂಗರಾಜ ಎಂಬ ಹೆಸರು ಕರ್ಣನಿಗೆ ಗಟ್ಟಿಯಾಗಿ ಅಂಟಿದ ಮೇಲೆ ಪೆಟ್ಟಿಗೆಯ ದಾರಿಯನ್ನು ಅಲ್ಲಿಗೆ ಎಳೆದಿರಬಹುದು. ಅಧಿರಥ ಧೃತರಾಷ್ಟ್ರನ ಗೆಳೆಯ ಅಂತಲೂ ಅಲ್ಲೇ ಹೇಳಿದ್ದಾರೆ, ಆಗ ಹುಡುಗ ವಿದ್ಯೆ ಕಲಿಯಲು ಹಸ್ತಿನಾವತಿಗೆ ಹೋಗುವುದಕ್ಕೂ ದಾರಿ ಆಯಿತು. ಪಂಪನಿಗೆ ಈ ಜೋಡಣೆ ಬೇಕಾಗಲಿಲ್ಲ. ಕಲ್ಲಡ್ಕದವರು ಮುಂದಿನ ಸಲ ಕರ್ಣನ ಅರ್ಥ ಹೇಳುವಾಗ ರಾಧೆಯನ್ನು ದುರ್ಯೋಧನನಿಗಿಂತ ಮುಂಚೆ ತಂದು ನೋಡಿ.

ಕಲ್ಲಡ್ಕ_ರಂಗ

ಅದು ಮಾಡುತ್ತೇನೆ. ಕುಂತಿಯ ಗೂಢಚಾರನನ್ನು ಮಾತ್ರ ತರುವುದಿಲ್ಲ.